ವಿಮಾನ ಮೇಲೆ ಹೇಗೆ ನಿಲ್ಲುತ್ತೆ? "ಎರಡೂ ಗಾಳಿ ಒಟ್ಟಿಗೆ ತಲುಪುತ್ತೆ" ಅನ್ನೋ ಕಥೆ ಯಾಕೆ ಸುಳ್ಳು

"ವಿಮಾನ ಯಾಕೆ ಹಾರುತ್ತೆ ಅಂತ ಯಾರಿಗೂ ಗೊತ್ತಿಲ್ಲ" ಅನ್ನೋ ಥರದ ಹೆಡ್‌ಲೈನು ಆಗಾಗ ಎಲ್ಲಾದ್ರೂ ಕಣ್ಣಿಗೆ ಬಿದ್ದೇ ಬೀಳುತ್ತೆ. 2020ರಲ್ಲಿ ಅಮೆರಿಕದ ಹೆಸರಾಂತ ವಿಜ್ಞಾನ ಪತ್ರಿಕೆಯೊಂದರಲ್ಲಿ ಹೆಚ್ಚುಕಮ್ಮಿ ಇದೇ ತಲೆಬರಹದ ಲೇಖನ ಬಂದಾಗ ಓದಿದವರಿಗೆ ನಿಜಕ್ಕೂ ಗೊಂದಲ ಆಯ್ತು, ಯಾಕಂದ್ರೆ ಒಂದು ಕಡೆ ದಿನಾ ಸಾವಿರಾರು ವಿಮಾನ ಹಾರ್ತಾ ಇವೆ, ಸ್ಕೂಲಲ್ಲಿ ಇದಕ್ಕೊಂದು ಉತ್ತರಾನೂ ಹೇಳ್ಕೊಟ್ಟಿದ್ದಾರೆ, ಇನ್ನೊಂದು ಕಡೆ ಗೊತ್ತೇ ಇಲ್ಲ ಅಂತಾರೆ. ಹಾಗಾದ್ರೆ ಯಾವುದು ನಿಜ?

ಇಂಜಿನಿಯರುಗಳಿಗೆ ಇದು ಚೆನ್ನಾಗೇ ಗೊತ್ತು. ಒಂದು ರೆಕ್ಕೆ ಎಷ್ಟು ಭಾರ ಎತ್ತುತ್ತೆ ಅನ್ನೋದನ್ನ ವಿಮಾನ ಕಟ್ಟೋಕೆ ಮುಂಚೆನೇ ಲೆಕ್ಕ ಹಾಕಿ ಹೇಳ್ತಾರೆ, ಆ ಲೆಕ್ಕ ಸರಿಯಾಗೇ ಬರುತ್ತೆ. ತೊಂದರೆ ಇರೋದು ನಮಗೆ ಹೇಳ್ಕೊಟ್ಟ ಆ ಸುಲಭದ ಉತ್ತರದಲ್ಲಿ. ಅದು ಅರ್ಧ ಸತ್ಯ ಕೂಡ ಅಲ್ಲ, ತಪ್ಪು. ಆ ತಪ್ಪು ಎಲ್ಲಿದೆ ಅಂತ ಹಿಡಿದುಬಿಟ್ರೆ ಸರಿಯಾದ ಉತ್ತರಕ್ಕೆ ಅರ್ಧ ದಾರಿ ಸವೆಸಿದ ಹಾಗೆ.

ಆ ಹಳೇ ಕಥೆ ಏನು ಹೇಳುತ್ತೆ

ರೆಕ್ಕೆಯನ್ನ ಅಡ್ಡಡ್ಡ ಕತ್ತರಿಸಿ ಪಕ್ಕದಿಂದ ನೋಡಿದ್ರೆ ಮೇಲ್ಭಾಗ ಉಬ್ಬಿರುತ್ತೆ, ಕೆಳಭಾಗ ಹೆಚ್ಚುಕಮ್ಮಿ ಚಪ್ಪಟೆ ಇರುತ್ತೆ. ಮುಂದಿನ ಅಂಚಲ್ಲಿ ಗಾಳಿ ಎರಡು ಭಾಗ ಆಗುತ್ತೆ, ಒಂದು ಮೇಲಿಂದ ಹೋಗುತ್ತೆ, ಇನ್ನೊಂದು ಕೆಳಗಿಂದ. ಮೇಲಿನ ದಾರಿ ಉದ್ದ. ಎರಡೂ ಹಿಂದಿನ ಅಂಚಲ್ಲಿ ಒಂದೇ ಸಮಯಕ್ಕೆ ಸೇರಬೇಕು, ಹಾಗಾಗಿ ಮೇಲಿನ ಗಾಳಿ ಜೋರಾಗಿ ಓಡಬೇಕು. ವಿಜ್ಞಾನಿ ಬರ್ನೌಲಿ ಹೇಳಿದ ಪ್ರಕಾರ ವೇಗ ಹೆಚ್ಚಾದಲ್ಲಿ ಒತ್ತಡ ಕಮ್ಮಿ, ಹಾಗಾಗಿ ಮೇಲೆ ಒತ್ತಡ ಕಮ್ಮಿ ಆಗಿ ಕೆಳಗಿನ ಗಾಳಿ ರೆಕ್ಕೆಯನ್ನ ಮೇಲಕ್ಕೆ ಎತ್ತುತ್ತೆ.

ಕೇಳೋಕೆ ಚೆನ್ನಾಗಿದೆ, ಒಂದೊಂದು ಹೆಜ್ಜೆನೂ ಮುಂದಿನದಕ್ಕೆ ಕೊಂಡಿ ಹಾಕ್ಕೊಂಡು ಹೋಗುತ್ತೆ, ಚಿತ್ರ ಬಿಡಿಸೋದೂ ಸುಲಭ. ಅದಕ್ಕೇ ಇಷ್ಟು ವರ್ಷ ಪುಸ್ತಕಗಳಲ್ಲಿ ಉಳ್ಕೊಂಡಿದೆ. ಮತ್ತೆ ಇದರಲ್ಲಿ ನಿಜಗಳೂ ಇವೆ ಅನ್ನೋದನ್ನ ಮರೀಬಾರದು. ಮೇಲಿನ ಗಾಳಿ ಜೋರಾಗಿ ಹೋಗೋದು ನಿಜ, ಮೇಲೆ ಒತ್ತಡ ಕಮ್ಮಿ ಇರೋದೂ ನಿಜ. ಸುಳ್ಳಿರೋದು ಮಧ್ಯದ ಒಂದೇ ವಾಕ್ಯದಲ್ಲಿ: "ಎರಡೂ ಒಂದೇ ಸಮಯಕ್ಕೆ ಸೇರಬೇಕು".

ಯಾಕೆ ಸೇರಬೇಕು? ಮುಂದಿನ ಅಂಚಲ್ಲಿ ಬೇರೆ ಆದ ಎರಡು ಗಾಳಿ ಕಣಗಳ ನಡುವೆ ಯಾವ ದಾರನೂ ಕಟ್ಟಿಲ್ಲ, ಕೆಳಗಿರೋ ಕಣ ಎಲ್ಲಿದೆ ಅಂತ ಮೇಲಿನ ಕಣಕ್ಕೆ ತಿಳಿಯೋ ದಾರಿನೂ ಇಲ್ಲ. ಭೌತಶಾಸ್ತ್ರದ ಯಾವ ನಿಯಮವೂ ಅವೆರಡು ಮತ್ತೆ ಜೋಡಿ ಆಗ್ಬೇಕು ಅಂತ ಹೇಳಲ್ಲ. ಕಥೆ ನಿಂತಿರೋದೇ ಈ ವಾಕ್ಯದ ಮೇಲೆ, ಈ ವಾಕ್ಯಕ್ಕೆ ಮಾತ್ರ ಯಾರೂ ಕಾರಣ ಕೊಟ್ಟಿಲ್ಲ.

ಹೊಗೆ ಬಿಟ್ಟು ನೋಡಿದಾಗ

ಇದನ್ನ ಕಣ್ಣಾರೆ ನೋಡಬಹುದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಾಬಿನ್‌ಸ್ಕಿ ಅನ್ನೋ ಪ್ರೊಫೆಸರು 2003ರಲ್ಲಿ ಶಿಕ್ಷಕರಿಗೋಸ್ಕರ ಇದರ ಬಗ್ಗೆ ಒಂದು ಲೇಖನ ಬರೆದ್ರು, ಆಮೇಲೆ 2012ರಲ್ಲಿ ಅವರ ಒಂದು ಚಿಕ್ಕ ವಿಡಿಯೋನೂ ಬಂತು. ವಿಂಡ್ ಟನೆಲ್‌ನಲ್ಲಿ, ಅಂದ್ರೆ ಪರೀಕ್ಷೆಗೋಸ್ಕರ ಗಾಳಿ ಬೀಸೋ ಸುರಂಗದಲ್ಲಿ, ಒಂದು ರೆಕ್ಕೆ ಇಟ್ಟು ಮುಂದಿನಿಂದ ಹೊಗೆಯ ಗೆರೆಗಳನ್ನ ಬಿಡ್ತಾರೆ, ಆದರೆ ಒಂದೇ ಸಮ ಬಿಡದೆ ತುಂಡು ತುಂಡಾಗಿ ಬಿಡ್ತಾರೆ, ಹಾಗಾಗಿ ಒಂದೇ ಕ್ಷಣದಲ್ಲಿ ಹೊರಟ ಹೊಗೆ ಎಲ್ಲೆಲ್ಲಿ ಎಷ್ಟು ದೂರ ಹೋಗಿದೆ ಅಂತ ಗೊತ್ತಾಗುತ್ತೆ.

ರೆಕ್ಕೆ ಮುಟ್ಟೋ ತನಕ ಹೊಗೆಯ ಸಾಲು ನೆಟ್ಟಗೆ ಬರುತ್ತೆ. ಮುಟ್ಟಿದ ಮೇಲೆ ಮೇಲಿನ ತುಂಡು ಸರ್ರಂತ ಮುಂದೆ ಓಡುತ್ತೆ, ಕೆಳಗಿನದು ನಿಧಾನ ಆಗುತ್ತೆ. ಮೇಲಿನದು ಹಿಂದಿನ ಅಂಚು ದಾಟಿ ಹೋದಾಗ ಕೆಳಗಿನದು ಇನ್ನೂ ರೆಕ್ಕೆಯ ಅಡಿಯಲ್ಲೇ ಇರುತ್ತೆ. ಆಮೇಲೂ ಅವು ಸೇರಲ್ಲ, ರೆಕ್ಕೆ ದಾಟಿದ ಮೇಲೆ ಆ ಅಂತರ ಹಾಗೇ ಉಳ್ಕೊಳ್ಳುತ್ತೆ.

ಗಮನಿಸಬೇಕಾದ್ದು ಏನಂದ್ರೆ ಮೇಲಿನ ಗಾಳಿ ಆ ಕಥೆ ಹೇಳೋದಕ್ಕಿಂತ ಇನ್ನೂ ಜೋರಾಗಿ ಹೋಗ್ತಿದೆ. ರೆಕ್ಕೆಯನ್ನ ಮೇಲಕ್ಕೆ ಎತ್ತೋ ಬಲಕ್ಕೆ ಲಿಫ್ಟ್ ಅಂತಾರೆ. ಅಂದ್ರೆ ಕಥೆ ಲಿಫ್ಟ್‌ನ ಹೆಚ್ಚು ಮಾಡಿ ಹೇಳ್ತಿಲ್ಲ, ತುಂಬಾ ಕಮ್ಮಿ ಮಾಡಿ ಹೇಳ್ತಿದೆ. ಎಷ್ಟು ಕಮ್ಮಿ ಅನ್ನೋದಕ್ಕೆ ಒಂದು ಲೆಕ್ಕ ಮಾಡೋಣ.

ಒಂದು ಸಣ್ಣ ವಿಮಾನದ ಲೆಕ್ಕ

ಸೆಸ್ನಾ 172 ಅಂತ ನಾಲ್ಕು ಸೀಟಿನ ಒಂದು ವಿಮಾನ ಇದೆ, ಹಾರೋದು ಕಲಿಯೋರು ಪ್ರಪಂಚದಾದ್ಯಂತ ಹೆಚ್ಚಾಗಿ ಬಳಸೋ ವಿಮಾನ ಅದು. ಜನ, ಇಂಧನ ಎಲ್ಲ ಸೇರಿ ಸುಮಾರು 1,100 ಕೆಜಿ ಅಂತ ಇಟ್ಕೊಳ್ಳಿ. ರೆಕ್ಕೆಯ ವಿಸ್ತೀರ್ಣ ಸುಮಾರು 16.2 ಚದರ ಮೀಟರ್. ಭಾಗಿಸಿದ್ರೆ ರೆಕ್ಕೆಯ ಪ್ರತಿ ಚದರ ಮೀಟರೂ ಸುಮಾರು 68 ಕೆಜಿ ಹೊರಬೇಕು. ಇದು ದೊಡ್ಡ ಸಂಖ್ಯೆ ಏನಲ್ಲ, ಯಾಕಂದ್ರೆ ನಮ್ಮ ಸುತ್ತ ಇರೋ ವಾತಾವರಣ ಪ್ರತಿ ಚದರ ಮೀಟರಿನ ಮೇಲೆ 10,000 ಕೆಜಿಗಿಂತ ಹೆಚ್ಚು ಭಾರ ಹಾಕ್ತಾನೇ ಇರುತ್ತೆ, ಅದರಲ್ಲಿ ಮೇಲೆ ಕೆಳಗೆ ಶೇಕಡಾ ಒಂದಕ್ಕಿಂತ ಕಮ್ಮಿ ವ್ಯತ್ಯಾಸ ಬಂದ್ರೂ ಈ ವಿಮಾನ ತೇಲುತ್ತೆ.

ಈಗ ಕಥೆಯ ಪ್ರಕಾರ ಹೋಗೋಣ. ಈ ವಿಮಾನದ ರೆಕ್ಕೆಯ ಮೇಲಿನ ದಾರಿ ಕೆಳಗಿನದಕ್ಕಿಂತ ತೀರಾ ಉದ್ದ ಏನಿಲ್ಲ, ವ್ಯತ್ಯಾಸ ಶೇಕಡಾ 2ರ ಆಸುಪಾಸು. ಚಿತ್ರಗಳಲ್ಲಿ ಉಬ್ಬನ್ನ ದೊಡ್ಡದಾಗಿ ಬಿಡಿಸಿರೋದ್ರಿಂದ ನಮಗೆ ಹಾಗೆ ಅನ್ಸಲ್ಲ ಅಷ್ಟೇ. ವಿಮಾನ ಸೆಕೆಂಡಿಗೆ 60 ಮೀಟರ್ ಹೋಗ್ತಿದೆ ಅನ್ನಿ, ಅಂದ್ರೆ ಗಂಟೆಗೆ 216 ಕಿಲೋಮೀಟರ್. ಎರಡೂ ಗಾಳಿ ಒಟ್ಟಿಗೆ ತಲುಪೋದಾದ್ರೆ ಮೇಲಿನದು ಶೇಕಡಾ 2ರಷ್ಟು ಮಾತ್ರ ಜೋರಾಗಿ ಹೋದ್ರೆ ಸಾಕು, ಸೆಕೆಂಡಿಗೆ 61.2 ಮೀಟರ್. ಈ ಎರಡು ವೇಗಗಳನ್ನ ಬರ್ನೌಲಿ ಸಮೀಕರಣಕ್ಕೆ ಹಾಕಿದ್ರೆ ಸಿಗೋದು ಚದರ ಮೀಟರಿಗೆ ಬರೀ 9 ಕೆಜಿ. ಪೂರ್ತಿ ರೆಕ್ಕೆಗೆ ಸುಮಾರು 147 ಕೆಜಿ.

1,100 ಕೆಜಿ ಬೇಕಾದಲ್ಲಿ 147. ಇಬ್ಬರು ದೊಡ್ಡವರ ತೂಕ. ಕಥೆ ನಿಜ ಆಗಿದ್ರೆ ಈ ವಿಮಾನ ನೆಲ ಬಿಡೋಕೆ ಗಂಟೆಗೆ ಸುಮಾರು 590 ಕಿಲೋಮೀಟರ್ ವೇಗ ಬೇಕಾಗ್ತಿತ್ತು, ಅದರ ಇಂಜಿನ್ನಿಗೆ ಅದರ ಅರ್ಧ ವೇಗ ಮುಟ್ಟೋದೂ ಆಗಲ್ಲ.

ಅದೇ ರೆಕ್ಕೆ, ಅರ್ಧ ವೇಗ

ಕಥೆಯನ್ನ ಸಮರ್ಥಿಸೋರು ಇಲ್ಲೊಂದು ಮಾತು ಹೇಳಬಹುದು: ಸಂಖ್ಯೆ ಸ್ವಲ್ಪ ಹೆಚ್ಚುಕಮ್ಮಿ ಇರ್ಲಿ, ತತ್ವ ಸರಿ ಇದೆಯಲ್ವಾ ಅಂತ. ಇಲ್ಲ, ಮೂಲದಲ್ಲೇ ತಪ್ಪಿದೆ, ಅದು ಕಾಣೋದು ವಿಮಾನ ನಿಧಾನ ಆದಾಗ.

ಇದೇ ಸೆಸ್ನಾ ಇಳಿಯೋಕೆ ಬರುವಾಗ ಸೆಕೆಂಡಿಗೆ 30 ಮೀಟರ್ ವೇಗದಲ್ಲೂ ಹಾರುತ್ತೆ. ಭಾರ ಅದೇ 1,100 ಕೆಜಿ. ವೇಗ ಅರ್ಧ ಆದಾಗ ಗಾಳಿಯ ಒತ್ತೋ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ, ಯಾಕಂದ್ರೆ ಅದು ವೇಗದ ವರ್ಗದ ಜೊತೆ ಹೋಗುತ್ತೆ. ಆದರೂ ವಿಮಾನ ಮೇಲೇ ಇದೆ. ಒಟ್ಟಿಗೆ ತಲುಪೋ ಕಥೆಯಲ್ಲಿ ಇದಕ್ಕೆ ಲೆಕ್ಕ ಕೂಡಿಸ್ಬೇಕು ಅಂದ್ರೆ, 60 ಮೀಟರ್ ವೇಗದಲ್ಲಿ ಮೇಲಿನ ದಾರಿ ಕೆಳಗಿನದಕ್ಕಿಂತ ಶೇಕಡಾ 14 ಉದ್ದ ಇರ್ಬೇಕು, 30 ಮೀಟರ್ ವೇಗದಲ್ಲಿ ಶೇಕಡಾ 49 ಉದ್ದ ಇರ್ಬೇಕು. ಲೋಹದ ರೆಕ್ಕೆ ಅದೇ, ಅದರ ಉದ್ದ ಹಾರ್ತಾ ಹಾರ್ತಾ ಬದಲಾಗಲ್ಲ. (ರೆಕ್ಕೆಯ ಹಿಂದಿನ ಅಂಚಲ್ಲಿ ಕೆಳಕ್ಕೆ ಬಾಗೋ ಭಾಗವನ್ನ, ಅಂದ್ರೆ ಫ್ಲಾಪ್ ಇಳಿಸಿದ್ರೆ ಆಕಾರ ಬದಲಾಗುತ್ತೆ, ಅದು ಬೇರೆ, ಫ್ಲಾಪ್ ಇಳಿಸದೇನೂ ಈ ವೇಗದಲ್ಲಿ ಹಾರಬಹುದು.)

ಹಾಗಾದ್ರೆ ಬದಲಾಗಿದ್ದು ಏನು? ಪೈಲಟ್ ಮಾಡೋದು ಒಂದೇ, ಕಂಟ್ರೋಲನ್ನ ಹಿಂದಕ್ಕೆ ಎಳೆದು ಮೂಗನ್ನ ಸ್ವಲ್ಪ ಮೇಲೆತ್ತೋದು. ಆಗ ಎದುರಿಂದ ಬರೋ ಗಾಳಿಗೆ ರೆಕ್ಕೆ ಇನ್ನೂ ಓರೆ ಆಗುತ್ತೆ. ಈ ಓರೆಗೆ ಆ್ಯಂಗಲ್ ಆಫ್ ಅಟ್ಯಾಕ್ ಅಂತಾರೆ. ಜೋರಾಗಿ ಹಾರುವಾಗ ಅದು ಒಂದೆರಡು ಡಿಗ್ರಿ ಇದ್ರೆ, ಈ ನಿಧಾನದ ಹಾರಾಟದಲ್ಲಿ ಹನ್ನೆರಡು ಹದಿಮೂರು ಡಿಗ್ರಿ ಹತ್ರ ಹೋಗುತ್ತೆ. ಲಿಫ್ಟ್‌ನ ಹೆಚ್ಚುಕಮ್ಮಿ ಮಾಡೋ ಪೈಲಟ್‌ನ ಮುಖ್ಯ ಹಿಡಿ ಇದೇ, ಮತ್ತೆ ಆ ಹಳೇ ಕಥೆಯಲ್ಲಿ ಇದರ ಹೆಸರೇ ಬರಲ್ಲ. ನನ್ನ ಪ್ರಕಾರ ಕಥೆಯ ದೊಡ್ಡ ತಪ್ಪು ಇದು, ಒಟ್ಟಿಗೆ ತಲುಪುತ್ತೆ ಅನ್ನೋದಕ್ಕಿಂತ ದೊಡ್ಡದು.

ಓರೆಯನ್ನ ಲೆಕ್ಕಕ್ಕೆ ತಗೊಂಡ ತಕ್ಷಣ ಬೇರೆ ಒಗಟುಗಳೂ ತಾವಾಗೇ ಬಿಡಿಸ್ಕೊಳ್ಳುತ್ವೆ. ಏರ್ ಶೋಗಳಲ್ಲಿ ಕಸರತ್ತು ಮಾಡೋ ವಿಮಾನಗಳ ರೆಕ್ಕೆ ಮೇಲೆ ಕೆಳಗೆ ಒಂದೇ ಥರ ಉಬ್ಬಿರುತ್ತೆ, ದಾರಿಯ ಉದ್ದದಲ್ಲಿ ವ್ಯತ್ಯಾಸನೇ ಇಲ್ಲ, ಆದ್ರೂ ಹಾರುತ್ತೆ. ತಲೆಕೆಳಗಾಗೂ ಹಾರುತ್ತೆ. ಕಾಗದದ ವಿಮಾನದ ರೆಕ್ಕೆ ಪೂರ್ತಿ ಚಪ್ಪಟೆ, ಅದೂ ತೇಲುತ್ತೆ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ರೆಕ್ಕೆ ಬಾಗಿಸಿದ ತೆಳು ಹಲಗೆ ಥರ ಇತ್ತು, ಮೇಲೂ ಕೆಳಗೂ ಉದ್ದ ಹೆಚ್ಚುಕಮ್ಮಿ ಒಂದೇ. ಉಬ್ಬಿನಿಂದ ಉಪಯೋಗ ಇದೆ, ಕಮ್ಮಿ ಎಳೆತಕ್ಕೆ ಜಾಸ್ತಿ ಲಿಫ್ಟ್ ಸಿಗುತ್ತೆ, ಆದ್ರೆ ಹಾರೋಕೆ ಅದು ಕಡ್ಡಾಯ ಅಲ್ಲ.

ಮತ್ತೆ ಮೇಲಿನ ಗಾಳಿ ಯಾಕೆ ಜೋರಾಗಿ ಓಡುತ್ತೆ

ಒಂದು ಕಲ್ಲಿಗೆ ಹಗ್ಗ ಕಟ್ಟಿ ತಿರುಗಿಸೋದನ್ನ ನೆನಪಿಸ್ಕೊಳ್ಳಿ. ಕಲ್ಲು ನೆಟ್ಟಗೆ ಹೋಗೋಕೆ ನೋಡುತ್ತೆ, ಅದನ್ನ ಬಾಗಿದ ದಾರಿಯಲ್ಲಿ ಇಟ್ಕೊಳ್ಳೋಕೆ ಹಗ್ಗ ಒಳಗಡೆಗೆ ಎಳೀತಾನೇ ಇರ್ಬೇಕು. ಗಾಳಿಗೂ ಅಷ್ಟೇ. ಅದು ಬಾಗಿ ಹೋಗ್ಬೇಕು ಅಂದ್ರೆ ಪಕ್ಕದಿಂದ ಬಲ ಬೇಕು. ಗಾಳಿಗೆ ಹಗ್ಗ ಕಟ್ಟೋಕಾಗಲ್ಲ, ಅದನ್ನ ಬಾಗಿಸೋದು ಒತ್ತಡದ ವ್ಯತ್ಯಾಸ ಮಾತ್ರ. ಬಾಗಿದ ದಾರಿಯ ಹೊರಗಡೆ ಒತ್ತಡ ಹೆಚ್ಚಿರ್ಬೇಕು, ಒಳಗಡೆ ಕಮ್ಮಿ ಇರ್ಬೇಕು.

ಈಗ ರೆಕ್ಕೆಯ ಮೇಲ್ಭಾಗ ನೋಡಿ. ಮುಂದಿನ ಅಂಚು ದಾಟಿದ ಗಾಳಿ ರೆಕ್ಕೆಯ ಮೈಗೆ ಅಂಟ್ಕೊಂಡ ಹಾಗೆ ಕೆಳಮುಖವಾಗಿ ಬಾಗಿ ಹೋಗುತ್ತೆ. ಹಾಗೆ ಹೋಗ್ದೆ ನೆಟ್ಟಗೆ ಹೋದ್ರೆ ಗಾಳಿಗೂ ರೆಕ್ಕೆಗೂ ನಡುವೆ ಖಾಲಿ ಜಾಗ ಆಗ್ಬೇಕಿತ್ತು, ಅಲ್ಲಿ ಒತ್ತಡ ಬೀಳುತ್ತೆ, ಮೇಲಿರೋ ಗಾಳಿ ಅದನ್ನ ಕೆಳಗೆ ದಬ್ಬುತ್ತೆ. ರೆಕ್ಕೆಯಿಂದ ತುಂಬಾ ಮೇಲೆ ಹೋದ್ರೆ ಮಾಮೂಲಿ ವಾತಾವರಣದ ಒತ್ತಡ ಇದೆ. ಅಲ್ಲಿಂದ ರೆಕ್ಕೆಯ ಕಡೆ ಇಳೀತಾ ಬಂದ ಹಾಗೆ, ಗಾಳಿಯ ಪದರಗಳೆಲ್ಲ ಬಾಗಿರೋದ್ರಿಂದ, ಒತ್ತಡ ಕಮ್ಮಿ ಆಗ್ತಾ ಬರ್ಬೇಕು. ಅಂದ್ರೆ ರೆಕ್ಕೆಯ ಮೈ ಮೇಲೆ ಒತ್ತಡ ವಾತಾವರಣಕ್ಕಿಂತ ಕಮ್ಮಿ. ಕೆಳಗಡೆ ಇದೇ ತರ್ಕ ಉಲ್ಟಾ, ಅಲ್ಲೂ ಗಾಳಿ ಕೆಳಕ್ಕೇ ಬಾಗುತ್ತೆ, ಆದ್ರೆ ಈಗ ರೆಕ್ಕೆ ಇರೋದು ಬಾಗಿನ ಹೊರಗಡೆ, ಹಾಗಾಗಿ ರೆಕ್ಕೆಯ ಮೈ ಹತ್ರ ಒತ್ತಡ ಹೆಚ್ಚು.

ವೇಗದ ಮಾತು ಈಗ ಬರುತ್ತೆ. ರೆಕ್ಕೆಯ ಮೇಲೆ ಒತ್ತಡ ಕಮ್ಮಿ ಇದೆ, ಮುಂದಿನಿಂದ ಬರ್ತಿರೋ ಗಾಳಿಯ ಹಿಂದೆ ಮಾಮೂಲಿ ಒತ್ತಡ ಇದೆ. ಹಿಂದಿನಿಂದ ಜಾಸ್ತಿ ದಬ್ಬಿಸ್ಕೊಂಡು ಮುಂದೆ ಕಮ್ಮಿ ತಡೆ ಸಿಕ್ಕಿದ್ರೆ ಏನಾದ್ರೂ ವೇಗ ಹೆಚ್ಚಿಸ್ಕೊಳ್ಳಲೇಬೇಕು, ಗಾಳಿನೂ ಅದನ್ನೇ ಮಾಡುತ್ತೆ. ಹಳೇ ಕಥೆ ಕಾರಣವನ್ನ ತಿರುಗಿಸಿ ಹಾಕಿತ್ತು, ಮೊದಲು ಯಾವುದೋ ಕಾರಣಕ್ಕೆ ವೇಗ ಬರುತ್ತೆ, ಅದರಿಂದ ಒತ್ತಡ ಬೀಳುತ್ತೆ ಅಂತ. ನಿಜದಲ್ಲಿ ಎರಡೂ ಒಂದನ್ನೊಂದು ಹಿಡ್ಕೊಂಡು ಒಟ್ಟಿಗೇ ನಡೆಯೋ ವಿಷಯ, ಆದ್ರೆ ಇದೆಲ್ಲ ಶುರುವಾಗೋದು ರೆಕ್ಕೆ ಗಾಳಿಯನ್ನ ಬಾಗಿಸೋದ್ರಿಂದ.

ಇದನ್ನ ಒಂದು ಕಾಗದದ ಪಟ್ಟಿಯಿಂದ ಪರೀಕ್ಷೆ ಮಾಡಬಹುದು. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಒಂದು ತುದಿಯನ್ನ ಕೆಳತುಟಿಯ ಕೆಳಗೆ ಹಿಡಿದು, ಜೋತು ಬಿದ್ದಿರೋ ಕಾಗದದ ಮೇಲೆ ಊದಿ. ಕಾಗದ ಎದ್ದು ನಿಲ್ಲುತ್ತೆ. ಸ್ಕೂಲಲ್ಲಿ ಇದನ್ನ ತೋರ್ಸಿ "ನೋಡಿ, ಗಾಳಿ ಓಡಿದ ಕಡೆ ಒತ್ತಡ ಕಮ್ಮಿ" ಅಂತ ಮುಗಿಸ್ತಾರೆ. ಈಗ ಅದೇ ಪಟ್ಟಿಯನ್ನ ನೆಟ್ಟಗೆ ಕೆಳಕ್ಕೆ ಇಳಿಬಿಟ್ಟು, ಅದರ ಒಂದು ಪಕ್ಕದಲ್ಲಿ ಮಾತ್ರ, ಕಾಗದಕ್ಕೆ ತಾಗೋ ಹಾಗೆ ನೇರ ಕೆಳಮುಖವಾಗಿ ಊದಿ. ಬರೀ ವೇಗದಿಂದಲೇ ಒತ್ತಡ ಬೀಳೋದಾಗಿದ್ರೆ ಕಾಗದ ಊದಿದ ಕಡೆಗೆ ವಾಲಬೇಕಿತ್ತು. ವಾಲಲ್ಲ, ಸ್ವಲ್ಪ ಪಟಪಟ ಅಂದ್ರೂ ಇದ್ದಲ್ಲೇ ಇರುತ್ತೆ. ಯಾಕಂದ್ರೆ ಬಾಯಿಂದ ಬಂದ ಗಾಳಿ ಜೋರಾಗಿದ್ರೂ ಅದರ ಒತ್ತಡ ಸುತ್ತಲಿನ ಗಾಳಿಯಷ್ಟೇ ಇರುತ್ತೆ, ನೆಟ್ಟಗೆ ಹೋಗೋ ಗಾಳಿಗೆ ಒತ್ತಡದ ವ್ಯತ್ಯಾಸ ಬೇಕಿಲ್ಲ. ಮೊದಲನೇ ಸಲ ಕಾಗದ ಬಾಗಿತ್ತು, ಗಾಳಿನೂ ಅದರ ಜೊತೆ ಬಾಗಿತು, ಅದಕ್ಕೇ ಎದ್ದಿದ್ದು.

ಬರ್ನೌಲಿ ತಪ್ಪು ಅಂತ ಇದರ ಅರ್ಥ ಅಲ್ಲ. ಅವನ ನಿಯಮ ಒಂದೇ ಹರಿವಿನ ಒಳಗೆ, ಒಂದೇ ಶಕ್ತಿಯಿಂದ ಹೊರಟ ಗಾಳಿಗೆ ಅನ್ವಯ ಆಗುತ್ತೆ. ಊದಿದ ಗಾಳಿಗೂ ಕೋಣೆಯ ನಿಂತ ಗಾಳಿಗೂ ಹೋಲಿಸೋಕೆ ಬರಲ್ಲ. ಈ ವಿಷಯದಲ್ಲಿ ದೊಡ್ಡ ದೊಡ್ಡವರೂ ಎಡವಿದ್ದಾರೆ. 1916ರಲ್ಲಿ ಐನ್‌ಸ್ಟೈನ್ ಹಾರಾಟದ ಬಗ್ಗೆ ಒಂದು ಲೇಖನ ಬರೆದು, ಮೇಲೆ ಗೂನು ಬೆನ್ನಿನ ಹಾಗೆ ಉಬ್ಬಿದ ರೆಕ್ಕೆಯೊಂದನ್ನ ಸೂಚಿಸಿದ್ರು, ಜರ್ಮನಿಯ ಒಂದು ವಿಮಾನ ಕಂಪನಿ ಅದನ್ನ ಕಟ್ಟಿ ಹಾರಿಸಿಯೂ ನೋಡ್ತು, ಅದು ಸರಿಯಾಗಿ ಹಾರಲಿಲ್ಲ. ಬರೀ ಉಬ್ಬನ್ನ ನೋಡಿ ಗಾಳಿ ಒಟ್ಟಾರೆ ಯಾವ ಕಡೆ ತಿರುಗುತ್ತೆ ಅನ್ನೋದನ್ನ ಬಿಟ್ರೆ ಹೀಗಾಗುತ್ತೆ.

ಬರ್ನೌಲಿನಾ ನ್ಯೂಟನ್ನಾ?

ಈ ಚರ್ಚೆ ಎಲ್ಲಿ ನಡೆದ್ರೂ ಎರಡು ಪಕ್ಷ ಆಗುತ್ತೆ. ಒಂದು ಪಕ್ಷ ಹೇಳುತ್ತೆ ಲಿಫ್ಟ್ ಬರೋದು ಒತ್ತಡದ ವ್ಯತ್ಯಾಸದಿಂದ ಅಂತ. ಇನ್ನೊಂದು ಹೇಳುತ್ತೆ ರೆಕ್ಕೆ ಗಾಳಿಯನ್ನ ಕೆಳಕ್ಕೆ ತಳ್ಳುತ್ತೆ, ಗಾಳಿ ರೆಕ್ಕೆಯನ್ನ ಮೇಲಕ್ಕೆ ತಳ್ಳುತ್ತೆ, ನ್ಯೂಟನ್ನನ ಮೂರನೇ ನಿಯಮ ಅಂತ. ಕೆಲವರು ರಾಜಿ ಮಾಡಿಸೋಕೆ ಹೋಗಿ "ಅದರಿಂದ ಇಷ್ಟು ಪಾಲು, ಇದರಿಂದ ಇಷ್ಟು ಪಾಲು" ಅಂತಾರೆ. ಆ ರಾಜಿನೂ ತಪ್ಪು.

ರೆಕ್ಕೆಯನ್ನ ಗಾಳಿ ಮುಟ್ಟೋದು ಒತ್ತಡದ ಮೂಲಕವೇ, ಹಾಗಾಗಿ ರೆಕ್ಕೆಯ ಮೈ ಮೇಲೆ ಒತ್ತಡ ಅಳೆದು ಕೂಡಿಸಿದ್ರೆ ಪೂರ್ತಿ ಲಿಫ್ಟ್ ಸಿಗುತ್ತೆ. ಅದೇ ಲಿಫ್ಟ್‌ನ ಲೆಕ್ಕವನ್ನ ಗಾಳಿಯ ಕಡೆಯಿಂದ ಹಾಕಿದ್ರೆ, ಸೆಕೆಂಡಿಗೆ ಎಷ್ಟು ಗಾಳಿಗೆ ಎಷ್ಟು ಕೆಳಮುಖ ವೇಗ ಬಂತು ಅಂತ, ಅಲ್ಲೂ ಪೂರ್ತಿ ಲಿಫ್ಟ್ ಸಿಗುತ್ತೆ. ಒಬ್ಬ ಕೊಟ್ಟ ದುಡ್ಡನ್ನೂ ಇನ್ನೊಬ್ಬ ತಗೊಂಡ ದುಡ್ಡನ್ನೂ ಎಣಿಸಿದ ಹಾಗೆ, ಎರಡು ಎಣಿಕೆ, ದುಡ್ಡು ಒಂದೇ.

ಗಾಳಿಯ ಕಡೆಯ ಲೆಕ್ಕ ನಮ್ಮ ಸೆಸ್ನಾಗೆ ಮಾಡಿ ನೋಡಿದ್ರೆ ವಿಷಯ ಕಣ್ಣಿಗೆ ಕಟ್ಟುತ್ತೆ. ಅದರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್. ಅಂದಾಜಿಗೆ, 11 ಮೀಟರ್ ಅಡ್ಡಗಲದ ಒಂದು ದೊಡ್ಡ ಗಾಳಿಯ ಕೊಳವೆಯಷ್ಟು ಗಾಳಿ ಮೇಲೆ ರೆಕ್ಕೆಯ ಪ್ರಭಾವ ಇರುತ್ತೆ ಅಂತ ಇಟ್ಕೋತಾರೆ. ಸೆಕೆಂಡಿಗೆ 60 ಮೀಟರ್ ಹೋಗುವಾಗ ಆ ಕೊಳವೆಯಲ್ಲಿ ಹಾದು ಹೋಗೋ ಗಾಳಿಯ ತೂಕ ಸುಮಾರು 7 ಟನ್. ಗಾಳಿಗೆ ತೂಕನೇ ಇಲ್ಲ ಅನ್ಕೊಂಡಿರ್ತೀವಿ, ಒಂದು ಸೆಕೆಂಡಲ್ಲಿ ಏಳು ಟನ್! ಅಷ್ಟು ಗಾಳಿಗೆ ಕೆಳಮುಖವಾಗಿ ಸೆಕೆಂಡಿಗೆ ಬರೀ ಒಂದೂವರೆ ಮೀಟರ್ ವೇಗ ಕೊಟ್ರೆ 1,100 ಕೆಜಿ ವಿಮಾನ ಮೇಲೆ ನಿಲ್ಲುತ್ತೆ. ನಡೆಯೋರ ವೇಗ ಅದು. ಅದೇ ವಿಮಾನ 30 ಮೀಟರ್ ವೇಗಕ್ಕೆ ಇಳಿದಾಗ ಸೆಕೆಂಡಿಗೆ ಸಿಗೋ ಗಾಳಿ ಮೂರೂವರೆ ಟನ್ ಮಾತ್ರ, ಹಾಗಾಗಿ ಅದನ್ನ ಎರಡರಷ್ಟು ಜೋರಾಗಿ, ಸೆಕೆಂಡಿಗೆ ಸುಮಾರು ಮೂರು ಮೀಟರ್ ವೇಗದಲ್ಲಿ ಕೆಳಕ್ಕೆ ದಬ್ಬಬೇಕು. ಮೂಗು ಯಾಕೆ ಎತ್ತಬೇಕು ಅನ್ನೋದಕ್ಕೆ ಉತ್ತರ ಇಲ್ಲಿದೆ.

ಒಂದು ಎಚ್ಚರಿಕೆ, ನ್ಯೂಟನ್ ಪಕ್ಷದಲ್ಲೂ ಒಂದು ತಪ್ಪು ಚಿತ್ರ ಓಡಾಡ್ತಿದೆ. ಗಾಳಿಯ ಕಣಗಳು ಗುಂಡಿನ ಹಾಗೆ ರೆಕ್ಕೆಯ ಅಡಿಗೆ ಬಡಿದು ಪುಟಿಯುತ್ತೆ, ಅದೇ ಲಿಫ್ಟ್ ಅಂತ. ಇದರಲ್ಲಿ ರೆಕ್ಕೆಯ ಮೇಲ್ಭಾಗಕ್ಕೆ ಕೆಲಸನೇ ಇಲ್ಲ, ಆದ್ರೆ ಮಾಮೂಲಿ ಹಾರಾಟದಲ್ಲಿ ಹೆಚ್ಚಿನ ಪಾಲು ಬರೋದು ಮೇಲ್ಭಾಗದ ಕಮ್ಮಿ ಒತ್ತಡದಿಂದಲೇ.

ಹಾಗಾದ್ರೆ "ಗೊತ್ತಿಲ್ಲ" ಅನ್ನೋದು ಯಾವುದಕ್ಕೆ

ಲಿಫ್ಟ್‌ನ ಗಣಿತ ಹಳೇದು. 1902ರಿಂದ 1906ರ ಹೊತ್ತಿಗೆ ಜರ್ಮನಿಯ ಕುಟ್ಟಾ ಮತ್ತೆ ರಷ್ಯಾದ ಝುಕೋವ್‌ಸ್ಕಿ ರೆಕ್ಕೆಯ ಸುತ್ತ ಗಾಳಿ ಎಷ್ಟು ಸುತ್ತುಬರುತ್ತೆ ಅನ್ನೋದರಿಂದ ಲಿಫ್ಟ್ ಲೆಕ್ಕ ಹಾಕೋ ದಾರಿ ಕಂಡುಹಿಡಿದಿದ್ರು. 1904ರಲ್ಲಿ ಪ್ರಾಂಟ್ಲ್, ರೆಕ್ಕೆಯ ಮೈಗೆ ಅಂಟಿದ ಹಾಗಿರೋ ತೆಳು ಗಾಳಿ ಪದರದಲ್ಲಿ ಗಾಳಿಯ ಜಿಗುಟು ಎಷ್ಟು ಮುಖ್ಯ ಅಂತ ತೋರಿಸಿದ್ರು.

ಇವತ್ತಿಗೂ ಕಷ್ಟ ಇರೋದು ಬೇರೆ ಕಡೆ. ಆ ತೆಳು ಪದರದಲ್ಲಿ ಗಾಳಿ ಸುಳಿಸುಳಿಯಾಗಿ ಕದಡಿದಾಗ ಅದನ್ನ ಪೂರ್ತಿ ನಿಖರವಾಗಿ ಲೆಕ್ಕ ಹಾಕೋದು ಭಾರಿ ಕಂಪ್ಯೂಟರುಗಳಿಗೂ ಹೊರೆ. ಗಾಳಿ, ನೀರಿನ ಹರಿವನ್ನ ಹೇಳೋ ನೇವಿಯರ್-ಸ್ಟೋಕ್ಸ್ ಸಮೀಕರಣಗಳಿಗೆ ಯಾವಾಗ್ಲೂ ಸರಾಗವಾದ ಪರಿಹಾರ ಇದ್ದೇ ಇರುತ್ತಾ ಅಂತ ಗಣಿತದಲ್ಲಿ ಇನ್ನೂ ಸಾಬೀತಾಗಿಲ್ಲ, 2000ದಲ್ಲಿ ಅದಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನನೂ ಇಟ್ಟಿದ್ದಾರೆ. ಇನ್ನೊಂದು ವಾದ ಇರೋದು ವಿವರಣೆಯ ಬಗ್ಗೆ, ಸಮೀಕರಣ ಇಲ್ದೆ ಬರೀ ಮಾತಲ್ಲಿ ಎಲ್ಲ ಕಾರಣಗಳನ್ನೂ ಸಾಲಾಗಿ ಹೇಳೋಕೆ ಯಾವುದು ಒಳ್ಳೆ ದಾರಿ ಅಂತ. ಇವೆಲ್ಲ ನಿಜವಾದ ಪ್ರಶ್ನೆಗಳೇ. ಆದ್ರೆ ಇವನ್ನ ಕಟ್ಟಿ "ವಿಮಾನ ಯಾಕೆ ಹಾರುತ್ತೆ ಗೊತ್ತಿಲ್ಲ" ಅಂತ ಹೆಡ್‌ಲೈನ್ ಹಾಕಿದ್ರೆ ಓದೋರಿಗೆ ಮೋಸ ಆಗುತ್ತೆ.

ಗಾಳಿ ರೆಕ್ಕೆಯನ್ನ ಬಿಟ್ಟಾಗ

ಇದೆಲ್ಲ ಪುಸ್ತಕದ ಜಗಳ, ಹೇಗಿದ್ರೇನು ವಿಮಾನ ಹಾರ್ತಿದೆಯಲ್ಲ ಅಂತ ಅನ್ನಿಸಬಹುದು. ಆದ್ರೆ ತಪ್ಪು ಕಥೆಗೆ ಒಂದು ವಿಷಯವನ್ನ ವಿವರಿಸೋಕೇ ಆಗಲ್ಲ, ಅದು ಸ್ಟಾಲ್, ಅಂದ್ರೆ ಹಾರ್ತಿರೋ ರೆಕ್ಕೆಯ ಲಿಫ್ಟ್ ಕುಸಿದುಹೋಗೋದು.

ಮೂಗು ಎತ್ತುತ್ತಾ ಹೋದ್ರೆ ಲಿಫ್ಟ್ ಹೆಚ್ಚುತ್ತಾ ಹೋಗುತ್ತೆ, ಆದ್ರೆ ಒಂದು ಮಿತಿ ತನಕ ಮಾತ್ರ. ಸೆಸ್ನಾದಂಥ ರೆಕ್ಕೆಗೆ ಅದು ಹದಿನೈದು ಹದಿನಾರು ಡಿಗ್ರಿ ಆಸುಪಾಸು. ಅದಕ್ಕಿಂತ ಮೇಲೆ ಹೋದ್ರೆ ರೆಕ್ಕೆಯ ಮೇಲಿನ ಗಾಳಿಗೆ ಅಷ್ಟು ಕಡಿದಾಗಿ ಬಾಗೋಕೆ ಆಗಲ್ಲ, ಮೈ ಬಿಟ್ಟು ಕಿತ್ಕೊಂಡು ಹೋಗುತ್ತೆ, ಅಲ್ಲಿ ಸುಳಿಗಳು ತುಂಬ್ಕೊಳ್ಳುತ್ವೆ. ಇದನ್ನ ನೋಡೋಕೆ ರೆಕ್ಕೆಯ ಮೇಲೆ ಸಣ್ಣ ಸಣ್ಣ ಉಣ್ಣೆ ದಾರಗಳನ್ನ ಅಂಟಿಸ್ತಾರೆ. ಗಾಳಿ ಅಂಟ್ಕೊಂಡಿರೋ ತನಕ ದಾರಗಳೆಲ್ಲ ನೀಟಾಗಿ ಹಿಂದಕ್ಕೆ ಬಾಚಿದ ಕೂದಲ ಹಾಗೆ ಮಲಗಿರುತ್ವೆ, ಸ್ಟಾಲ್ ಆದಾಗ ಹಿಂದಿನ ಅಂಚಿನ ದಾರಗಳು ಮೊದಲು ಒದ್ದಾಡ್ತವೆ, ಆಮೇಲೆ ಕೆಲವು ತಿರುಗಿ ಮುಂದಕ್ಕೇ ಮುಖ ಮಾಡ್ತವೆ. ರೆಕ್ಕೆಯ ಆಕಾರ ಬದಲಾಗಿಲ್ಲ, ಮೇಲಿನ ದಾರಿ ಇನ್ನೂ ಅಷ್ಟೇ ಉದ್ದ ಇದೆ, ಆದ್ರೂ ಲಿಫ್ಟ್ ಕುಸೀತು. ದಾರಿಯ ಉದ್ದದ ಕಥೆಯಲ್ಲಿ ಇದಕ್ಕೆ ಜಾಗನೇ ಇಲ್ಲ. ಗಾಳಿಯನ್ನ ಬಾಗಿಸೋ ವಿವರಣೆಯಲ್ಲಿ ಮಾತ್ರ ಇದು ಸಹಜವಾಗಿ ಬರುತ್ತೆ: ಬಾಗಿಸೋಕೆ ಆಗ್ಲಿಲ್ಲ ಅಂದ್ರೆ ಲಿಫ್ಟ್ ಇಲ್ಲ.

2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು, 228 ಜನ ತೀರ್ಕೊಂಡ್ರು. ವೇಗ ಅಳೆಯೋ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ವೇಗದ ಮಾಹಿತಿ ತಪ್ಪಿತು, ಆಟೋಪೈಲಟ್ ಬಿಟ್ಕೊಂಡಿತು, ಕಂಟ್ರೋಲ್ ಹಿಡಿದ ಪೈಲಟ್ ಮೂಗು ಎತ್ತಿದ್ರು. ವಿಮಾನ ಸುಮಾರು 38,000 ಅಡಿ ತನಕ ಏರಿ ಸ್ಟಾಲ್ ಆಯ್ತು. ಇಂಜಿನ್‌ಗಳು ಓಡ್ತಾನೇ ಇದ್ವು, ರೆಕ್ಕೆಗಳಿಗೆ ಏನೂ ಆಗಿರಲಿಲ್ಲ, ಮಂಜುಗಡ್ಡೆ ಸಮಸ್ಯೆನೂ ಸ್ವಲ್ಪ ಹೊತ್ತಲ್ಲೇ ಸರಿಹೋಗಿತ್ತು. ಆದ್ರೂ ಮೂರೂವರೆ ನಿಮಿಷ ಅದು ಕೆಳಗೆ ಬೀಳ್ತಾನೇ ಹೋಯ್ತು, ಬೀಳುವಾಗ ರೆಕ್ಕೆಯ ಓರೆ 35 ಡಿಗ್ರಿಗಿಂತ ಮೇಲೇ ಇತ್ತು, ಹೆಚ್ಚು ಹೊತ್ತು ಮೂಗು ಎತ್ತೋ ಕಡೆಗೇ ಕಂಟ್ರೋಲ್ ಎಳೆದಿತ್ತು. ಅದರಲ್ಲೂ ಮನಸ್ಸಿಗೆ ಹೆಚ್ಚು ನೋವು ಕೊಡೋ ಸಂಗತಿ ಅಂದ್ರೆ, ಓರೆ ವಿಪರೀತ ಆಗಿ ಅಳತೆಗಳೇ ಅಮಾನ್ಯ ಆದಾಗ ಸ್ಟಾಲ್ ಎಚ್ಚರಿಕೆಯ ಸದ್ದು ನಿಂತುಹೋಗ್ತಿತ್ತು, ಮೂಗು ಸ್ವಲ್ಪ ಇಳಿಸಿದ್ರೆ, ಅಂದ್ರೆ ಸರಿಯಾದ ಕೆಲಸ ಮಾಡಿದ್ರೆ, ಅದು ಮತ್ತೆ ಶುರು ಆಗ್ತಿತ್ತು.

ಆ ಅಪಘಾತಕ್ಕೆ ಹಲವು ಕಾರಣ ಇದ್ವು, ಯಾರೋ ತಪ್ಪು ಪಾಠ ಓದಿದ್ರಿಂದ ಆಯ್ತು ಅಂತ ಹೇಳೋಕಾಗಲ್ಲ. ಆದ್ರೆ ಆ ಕಾಕ್‌ಪಿಟ್‌ನಲ್ಲಿ ಆ್ಯಂಗಲ್ ಆಫ್ ಅಟ್ಯಾಕ್ ಎಷ್ಟಿದೆ ಅಂತ ಪೈಲಟ್‌ಗಳಿಗೆ ನೇರವಾಗಿ ತೋರಿಸೋ ಮೀಟರ್ ಇರಲಿಲ್ಲ, ತನಿಖೆ ಮಾಡಿದ ಫ್ರಾನ್ಸಿನ ಸಂಸ್ಥೆ ಅಂಥದ್ದೊಂದನ್ನ ಕಡ್ಡಾಯ ಮಾಡಬಹುದಾ ಅಂತ ಪರಿಶೀಲಿಸೋಕೆ ಶಿಫಾರಸು ಮಾಡ್ತು. ತರಬೇತಿನೂ ಬದಲಾಯ್ತು. ಮೊದಲು ಸ್ಟಾಲ್ ಅಭ್ಯಾಸ ಮಾಡಿಸುವಾಗ ಎತ್ತರ ಆದಷ್ಟು ಕಳ್ಕೋಬಾರದು ಅನ್ನೋದಕ್ಕೆ ಒತ್ತು ಇತ್ತು, ಹಾಗಾಗಿ ಕೈ ಮೂಗನ್ನ ಹಿಡಿದಿಡೋಕೇ ಹೋಗ್ತಿತ್ತು. 2012ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಕ್ರಮ ಬದಲಾಗಿದೆ: ಮೊದಲು ಮೂಗು ಇಳಿಸಿ ರೆಕ್ಕೆಯ ಓರೆ ಕಮ್ಮಿ ಮಾಡಬೇಕು, ಅದಕ್ಕೆ ಎಷ್ಟು ಎತ್ತರ ಹೋದ್ರೂ ಹೋಗ್ಲಿ, ಗಾಳಿ ಮತ್ತೆ ರೆಕ್ಕೆಯ ಮೈಗೆ ಅಂಟ್ಕೊಂಡ ಮೇಲೇ ಮೇಲಕ್ಕೆ ಏರೋ ಮಾತು.